ಕಾಲಿಗೆ ತಿಳಿಯದ ಹಾಫ್ ಕ್ಲಚ್

ಹೋದ ಬೇಸಿಗೆಯ ಒಂದು ಸಂಜೆ ಏರ್‌ಪೋರ್ಟ್‌ನಿಂದ ಭಾವನ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಒಳಗೆ ಐದು ಜನ, ಡಿಕ್ಕಿಯ ತುಂಬ ಸೂಟ್‌ಕೇಸು. ಹೆಬ್ಬಾಳದ ಫ್ಲೈಓವರ್ ಏರುವಲ್ಲಿ ಟ್ರಾಫಿಕ್ ಕಚ್ಚಿಕೊಂಡಿತ್ತು. ಮುಂದಿನ ಗಾಡಿ ಒಂದು ಅಡಿ ಸರಿದರೆ ನಮ್ಮದೂ ಒಂದು ಅಡಿ. ನಡುವೆ ನಿಂತಾಗ ಭಾವ ಬ್ರೇಕ್ ಒತ್ತುತ್ತಿರಲಿಲ್ಲ. ಕಾರು ಹಿಂದಕ್ಕೆ ಜಾರದಷ್ಟೇ ಆಕ್ಸಿಲರೇಟರ್ ಕೊಟ್ಟು ಏರಿನ ಮೇಲೆ ಹಿಡಿದು ನಿಲ್ಲಿಸುತ್ತಿದ್ದರು. ಇಪ್ಪತ್ತು ನಿಮಿಷ ಹೀಗೇ ಸಾಗಿರಬೇಕು. ಮೊದಲು ಸೀಟಿನ ಕೆಳಗೆ ಸಣ್ಣ ಅದುರು ಶುರುವಾಯಿತು. ಆಮೇಲೆ ಟೊಣ್ ಎಂಬ ಸದ್ದಿನೊಂದಿಗೆ ಮೀಟರ್‌ನ ನಡುವೆ "Trans Hot! Park with engine on" ಎಂಬ ಸಾಲು ಬಂತು.

ಹೇಗೋ ಎಡಕ್ಕೆ ತಂದು ನಿಲ್ಲಿಸಿದೆವು. ಭಾವನ ಕೈ ನೇರ ಎಂಜಿನ್ ಬಟನ್‌ಗೆ ಹೋಯಿತು.

"ಭಾವ, ಆಫ್ ಮಾಡ್ಬೇಡಿ."

"ಬಿಸಿ ಆಗಿದೆ ಅಂತಿದೆಯಲ್ಲೋ, ಎಂಜಿನ್ ಆರಿಸೋದು ಬೇಡ್ವಾ?"

ಬೇಡ. ಏಕೆ ಬೇಡ ಎಂಬುದು ತಿಳಿದರೆ ಈ ಗೇರ್‌ಬಾಕ್ಸಿನ ಅರ್ಧ ಕಥೆ ತಿಳಿದಂತೆ.

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತವರಿಗೆಲ್ಲ ಒಂದು ಬೈಗುಳ ನೆನಪಿರುತ್ತದೆ: "ಹಾಫ್ ಕ್ಲಚ್‌ನಲ್ಲಿ ಇಡಬೇಡಿ, ಪ್ಲೇಟ್ ಸುಟ್ಟುಹೋಗುತ್ತೆ." ಎಡಗಾಲು ಪೆಡಲನ್ನು ಅರ್ಧ ಒತ್ತಿ ಹಿಡಿದಾಗ ಎಂಜಿನ್ ಕಡೆಯ ಕಬ್ಬಿಣದ ತಟ್ಟೆಯೂ ಗೇರ್ ಕಡೆಯ ಪ್ಲೇಟೂ ಬೇರೆ ಬೇರೆ ವೇಗದಲ್ಲಿ ಸುತ್ತುತ್ತ ಒಂದಕ್ಕೊಂದು ಉಜ್ಜುತ್ತವೆ. ಚಳಿಯಲ್ಲಿ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತೇವಲ್ಲ, ಅದೇ ಕೆಲಸ ಅಲ್ಲಿ ಜೋರಾಗಿ ನಡೆಯುತ್ತದೆ. ಡ್ಯುಯಲ್ ಕ್ಲಚ್ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲ, ಕ್ಲಚ್ ಪೆಡಲೇ ಇಲ್ಲ. ಆದರೆ ಕ್ಲಚ್ ಇದೆ, ಅದೂ ಎರಡು. ಒಂದು 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ಒಂದು ಹಿಡಿದಿರುವಾಗಲೇ ಇನ್ನೊಂದು ಬದಿಯಲ್ಲಿ ಮುಂದಿನ ಗೇರು ಸಿದ್ಧವಾಗಿ ಕೂತಿರುತ್ತದೆ. ಅದಕ್ಕೇ ಹೆದ್ದಾರಿಯಲ್ಲಿ ಗೇರ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಫೋಕ್ಸ್‌ವ್ಯಾಗನ್ 2003ರಲ್ಲಿ ಇದನ್ನು ಮಾಮೂಲಿ ಕಾರುಗಳಿಗೆ ತಂದಾಗ ಎರಡೂ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿದ್ದವು. 2008ರಲ್ಲಿ ಬಂದ ಏಳು ಗೇರಿನ ಚಿಕ್ಕ ಪೆಟ್ಟಿಗೆಯಲ್ಲಿ ಅವನ್ನು ಒಣಗಿಸಿಟ್ಟರು. ಹಗುರ, ಅಗ್ಗ, ಪೆಟ್ರೋಲೂ ಉಳಿತಾಯ. ಆದರೆ ಎಣ್ಣೆ ಹೊತ್ತೊಯ್ಯುತ್ತಿದ್ದ ಬಿಸಿಯನ್ನು ಹೊರಹಾಕುವ ಕೆಲಸ ಈಗ ಬರಿಯ ಗಾಳಿಯ ಪಾಲಿಗೆ ಬಂತು.

ನಮ್ಮ ಸಂಜೆಯ ಟ್ರಾಫಿಕ್ಕಿಗೆ ಮುಖ್ಯವಾದದ್ದು ಒಂದೇ ಸಂಖ್ಯೆ. ಎಂಜಿನ್ ಐಡಲ್‌ನಲ್ಲಿ ನಿಮಿಷಕ್ಕೆ ಸುಮಾರು 850 ಸುತ್ತು ಸುತ್ತುತ್ತದೆ. ಅದಕ್ಕಿಂತ ತೀರ ಕೆಳಗಿಳಿದರೆ ಆರಿಹೋಗುತ್ತದೆ. ಇಂಥ ಗೇರ್‌ಬಾಕ್ಸ್‌ಗಳಲ್ಲಿ ಮೊದಲ ಗೇರಿನಲ್ಲಿ ಎಂಜಿನ್ ಹದಿನಾರು ಸುತ್ತು ಸುತ್ತಿದರೆ ಚಕ್ರ ಹೆಚ್ಚುಕಡಿಮೆ ಒಂದು ಸುತ್ತು ಸುತ್ತುತ್ತದೆ. ಲೆಕ್ಕ ಹಾಕಿದರೆ, ಕ್ಲಚ್ ಪೂರ್ತಿ ಹಿಡಿದಿರುವಾಗ ಕಾರು ಗಂಟೆಗೆ ಸುಮಾರು 6 ಕಿ.ಮೀ.ಗಿಂತ ನಿಧಾನ ಹೋಗಲಾರದು. ಅಂದರೆ ಅದಕ್ಕಿಂತ ನಿಧಾನವಾಗಿ ತೆವಳುವಷ್ಟು ಹೊತ್ತೂ ನಿಮ್ಮ ಕಾರು ಹಾಫ್ ಕ್ಲಚ್‌ನಲ್ಲೇ ಇದೆ, ನಿಮ್ಮ ಕಾಲಿಗೆ ಅದು ತಿಳಿಯದು ಅಷ್ಟೆ. ಗೇರ್‌ಬಾಕ್ಸ್ ತಾನಾಗಿ ಎರಡನೇ ಗೇರಿಗೆ ಹೋಗಿದ್ದರೆ ಆ ಗೆರೆ ಇನ್ನೂ ಮೇಲೇರಿ 9-10 ಕಿ.ಮೀ. ಹತ್ತಿರ ನಿಲ್ಲುತ್ತದೆ. ನಡೆದು ಹೋಗುವವರು ನಮ್ಮ ಕಾರನ್ನು ದಾಟಿ ಹೋಗುತ್ತಿದ್ದಾರೆಂದರೆ ಕ್ಲಚ್ ಉಜ್ಜುತ್ತಿದೆ ಎಂದೇ ತಿಳಿಯಬೇಕು. ಕಾರು ನಿಂತಿದ್ದರೆ ಕ್ಲಚ್‌ಗೆ ನೋವಿಲ್ಲ, ಓಡಿದರೂ ಇಲ್ಲ. ನಿಂತೂ ನಿಲ್ಲದ, ಹೊರಟೂ ಹೊರಡದ ಆ ನಡುವಿನ ಸ್ಥಿತಿಯಲ್ಲೇ ಅದು ಸವೆಯುತ್ತದೆ.

ಟಾರ್ಕ್ ಕನ್ವರ್ಟರ್ ಇರುವ ಹಳೆಯ ಬಗೆಯ ಆಟೊಮ್ಯಾಟಿಕ್‌ಗೆ ಈ ಕಷ್ಟವಿಲ್ಲ. ಅಲ್ಲಿ ತೆವಳುವಾಗ ಎರಡು ರೆಕ್ಕೆಚಕ್ರಗಳ ನಡುವೆ ಜಾರುವುದು ಎಣ್ಣೆ. ಅದು ಬಿಸಿಯಾದರೂ ಕೂಲರ್‌ಗೆ ಹೋಗಿ ತಣಿದು ಬರುತ್ತದೆ, ಸವೆಯುವ ಪ್ಲೇಟ್ ನಡುವೆ ಇಲ್ಲ.

ಈಗ ಏರಿಗೆ ಬರೋಣ. ಜನರೂ ಸಾಮಾನೂ ಸೇರಿ ಕಾರು 1400 ಕೆ.ಜಿ., ರಸ್ತೆ ನೂರು ಅಡಿಗೆ ಆರು ಅಡಿ ಏರುತ್ತದೆ ಎಂದು ಇಟ್ಟುಕೊಳ್ಳಿ. ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದಲೇ ಕಾರನ್ನು ಕದಲದಂತೆ ಹಿಡಿದಿದ್ದೀರಿ, ಎಂಜಿನ್ 1000 ಆರ್‌ಪಿಎಂನಲ್ಲಿದೆ. ಕಾರು ಕದಲುತ್ತಿಲ್ಲವಾದ್ದರಿಂದ ಎಂಜಿನ್ ಕ್ಲಚ್‌ಗೆ ಕೊಡುವ ಶಕ್ತಿಯಲ್ಲಿ ಒಂದಿಷ್ಟೂ ಚಕ್ರಕ್ಕೆ ಹೋಗದು, ಎಲ್ಲವೂ ಬಿಸಿಯಾಗುತ್ತದೆ. ಲೆಕ್ಕ ಸುಮಾರು 1600 ವ್ಯಾಟ್‌ಗೆ ಬರುತ್ತದೆ. ಮನೆಯಲ್ಲಿ ಬಕೆಟ್ ನೀರು ಕಾಯಿಸುವ ರಾಡ್ ಇರುತ್ತದಲ್ಲ, ಹೆಚ್ಚುಕಡಿಮೆ ಅಷ್ಟು. ರಾಡ್‌ಗಾದರೆ ಬಿಸಿ ಹೀರಲು ಒಂದು ಬಕೆಟ್ ನೀರಿದೆ. ಇಲ್ಲಿರುವುದು ಕೆಲವು ಕೆ.ಜಿ. ಕಬ್ಬಿಣ ಮಾತ್ರ. ನಾಲ್ಕು ಕೆ.ಜಿ. ಎಂದಿಟ್ಟುಕೊಂಡರೂ, ಬಿಸಿ ಹೊರಹೋಗದಿದ್ದರೆ, ಒಂದು ನಿಮಿಷಕ್ಕೆ 50 ಡಿಗ್ರಿಯಷ್ಟು ಕಾಯುತ್ತದೆ. ಸಮತಟ್ಟು ರಸ್ತೆಯಲ್ಲಿ ನಿಂತ ಕಾರನ್ನು ಕ್ಲಚ್ ಹಿಡಿಯುವವರೆಗೆ ಹೊರಡಿಸುವುದಕ್ಕೆ ಆಗುವ ಬಿಸಿಯ ಜೊತೆ ಹೋಲಿಸಿದರೆ, ಏರಿನಲ್ಲಿ ಹೀಗೆ ಹತ್ತು ಸೆಕೆಂಡ್ ಹಿಡಿದು ನಿಲ್ಲಿಸುವುದು ಎಂಟು ಸಲ ಹೊರಟದ್ದಕ್ಕೆ ಸಮ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಇದಕ್ಕಿಂತ ಕಡಿದಾಗಿರುತ್ತದೆ. ಅದನ್ನು ರಿವರ್ಸ್‌ನಲ್ಲಿ ಇಂಚಿಂಚಾಗಿ ಹತ್ತುವವರು ಹೆಬ್ಬಾಳದವರೆಗೆ ಹೋಗುವುದೇ ಬೇಡ.

ಎಂಜಿನ್ ಏಕೆ ಆರಿಸಬಾರದು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಕ್ಲಚ್‌ನ ಕಬ್ಬಿಣದ ತಟ್ಟೆಗಳು ಎಂಜಿನ್ ಜೊತೆ ಸುತ್ತುತ್ತವೆ. ಲಿವರ್ P ಯಲ್ಲಿಟ್ಟು ಎಂಜಿನ್ ಓಡಲು ಬಿಟ್ಟರೆ ಕ್ಲಚ್ ಬಿಟ್ಟುಕೊಂಡಿರುತ್ತದೆ, ಹೊಸ ಬಿಸಿ ಹುಟ್ಟುವುದಿಲ್ಲ, ತಟ್ಟೆಗಳು ಸುತ್ತುತ್ತ ತಾವೇ ಫ್ಯಾನಿನಂತೆ ಗಾಳಿಯಾಡಿಸಿಕೊಳ್ಳುತ್ತವೆ. ಆರಿಸಿದರೆ ಅದೇ ಬಿಸಿ ಮುಚ್ಚಿದ ಡಬ್ಬಿಯೊಳಗೆ ಕೂತುಬಿಡುತ್ತದೆ. ಹಜಾರ್ಡ್ ಲೈಟ್ ಹಾಕಿಕೊಂಡು ಕಾದೆವು. ಸ್ವಲ್ಪ ಹೊತ್ತಿನ ಮೇಲೆ "Trans cooled. Resume driving" ಎಂದು ಬಂತು. ಇಂಥ ಕಾರುಗಳಲ್ಲಿ ಅದಕ್ಕೂ ಮೊದಲೇ "Steep grade! Press brake pedal" ಎಂಬ ಸೂಚನೆ ಬರುವುದುಂಟು. ಏರಿನಲ್ಲಿ ಆಕ್ಸಿಲರೇಟರಿನಿಂದ ಹಿಡಿದಿದ್ದೀರಿ, ಬ್ರೇಕ್ ಒತ್ತಿ ಎಂದು ಬೇಡುವ ಸಾಲು ಅದು. ಭಾವ ಅದನ್ನು ನೋಡಿದ್ದರಂತೆ, ಕಾರು ಸುಮ್ಮನೆ ಬುದ್ಧಿ ಹೇಳುತ್ತಿದೆ ಅಂದುಕೊಂಡಿದ್ದರು.

ಸೂಚನೆ ಹೋಯಿತು, ಅದುರು ಹೋಗಲಿಲ್ಲ. ಈ ಅದುರನ್ನು ಎಂಜಿನ್ ಮಿಸ್ಸಿಂಗ್ ಎಂದು ತಪ್ಪು ತಿಳಿದು ಪ್ಲಗ್ ಬದಲಾಯಿಸಿದವರಿದ್ದಾರೆ. ಕ್ಲಚ್ ಪ್ಲೇಟಿನ ಲೈನಿಂಗ್ ಅತಿಯಾಗಿ ಕಾದರೆ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಎದುರಿನ ಕಬ್ಬಿಣ ಅಲ್ಲಲ್ಲಿ ಉಬ್ಬುತ್ತದೆ. ಆಗ ಹಿಡಿತ ಒಂದೇ ಸಮನಾಗಿರದೆ ಹಿಡಿದು, ಜಾರಿ, ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ಹತ್ತರ ಆಸುಪಾಸು ಬಾರಿ ನಡೆದಾಗ ಇಡೀ ಕಾರು ನಡುಗುತ್ತದೆ. ಬಿಸಿಯೊಂದೇ ಕಾರಣವಲ್ಲ. ಫೋರ್ಡ್‌ನ ಪವರ್‌ಶಿಫ್ಟ್ ಎಂಬ ಒಣ ಕ್ಲಚ್ ಗೇರ್‌ಬಾಕ್ಸಿನಲ್ಲಿ ಶಾಫ್ಟ್ ಸೀಲಿನಿಂದ ಎಣ್ಣೆ ಒಸರಿ ಪ್ಲೇಟಿಗೆ ತಾಗಿ ಅದುರುವುದು ಬಹಳ ದೊಡ್ಡ ದೂರಾಗಿತ್ತು. ಆ ಗ್ರಾಹಕರನ್ನು ನಡೆಸಿಕೊಂಡ ರೀತಿಗೆ 2018ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಒಂದು ಕೋಟಿ ಡಾಲರ್ ದಂಡ ಹಾಕಿತು. ಹಾಗಾಗಿ ಎಲ್ಲ ಅದುರಿಗೂ ಓಡಿಸುವವನನ್ನೇ ದೂರುವುದು ನ್ಯಾಯವಲ್ಲ.

ಮಳೆಗಾಲದ ಬೆಳಗ್ಗೆ ಮೊದಲ ಒಂದೆರಡು ಸಲ ಹೊರಡುವಾಗ ಅದುರಿ ಆಮೇಲೆ ಸರಿಹೋದರೆ ಅದು ಬಹುತೇಕ ತೇವ. ತಲೆಕೆಡಿಸಿಕೊಳ್ಳಬೇಕಿಲ್ಲ. ಬಿಸಿಯಾದ ಮೇಲೆ ಹೆಚ್ಚುವ, ತಣ್ಣಗಾದರೂ ಉಳಿಯುವ ಅದುರು ಬೇರೆ. ಅದಕ್ಕೆ ನೀವೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಖಾಲಿ, ಸಮತಟ್ಟು ಜಾಗದಲ್ಲಿ ಕಾರು ಪೂರ್ತಿ ನಿಲ್ಲಿಸಿ, D ಹಾಕಿ, ಬ್ರೇಕ್ ಬಿಟ್ಟು ತಾನಾಗಿ ಹೊರಡಲು ಬಿಡಿ. ನಾಲ್ಕೈದು ಸಲ ಮಾಡಿ. ಆಮೇಲೆ ರಿವರ್ಸ್‌ನಲ್ಲೂ ಅಷ್ಟೇ ಸಲ. ಒಂದನೇ ಗೇರೂ ರಿವರ್ಸೂ ಬೇರೆ ಬೇರೆ ಕ್ಲಚ್‌ನಲ್ಲಿವೆ ಎಂದೆನಲ್ಲ? ಮುಂದಕ್ಕೆ ಅದುರಿ ಹಿಂದಕ್ಕೆ ನಯವಾಗಿದ್ದರೆ ದೋಷ ಬೆಸಸಂಖ್ಯೆಯ ಗೇರುಗಳ ಕ್ಲಚ್‌ನದು. ಎರಡರಲ್ಲೂ ಒಂದೇ ಬಗೆಯಲ್ಲಿ ಅದುರಿದರೆ ಎಂಜಿನ್ ಮೌಂಟಿಂಗ್ ಅನ್ನೂ ನೋಡಿಸಬೇಕು. ಭಾವನ ಕಾರು ಮುಂದಕ್ಕೆ ಮಾತ್ರ ಅದುರಿತು.

ಅಂದಿನಿಂದ ಅವರು ಓಡಿಸುವ ರೀತಿ ಬದಲಾಗಿದೆ. ಮುಂದಿನ ಗಾಡಿ ಅಡಿ ಸರಿದರೆ ತಾವು ಸರಿಯುವುದಿಲ್ಲ. ಎರಡು ಕಾರು ಹಿಡಿಯುವಷ್ಟು ಜಾಗವಾಗಲಿ ಎಂದು ಕಾದು, ಒಮ್ಮೆಗೇ ಹೊರಟು 7-8 ಕಿ.ಮೀ. ವೇಗ ಮುಟ್ಟಿ, ಕ್ಲಚ್ ಪೂರ್ತಿ ಹಿಡಿದುಕೊಂಡ ಮೇಲೆ ಮತ್ತೆ ನಿಲ್ಲುತ್ತಾರೆ. ನಿಂತಾಗ ಬ್ರೇಕನ್ನು ಮೇಲೆಮೇಲೆ ಮುಟ್ಟಿ ಬಿಡುವುದಿಲ್ಲ, ಗಟ್ಟಿಯಾಗಿ ಒತ್ತುತ್ತಾರೆ. ಬ್ರೇಕ್ ಗಟ್ಟಿ ಒತ್ತಿದಾಗ ಗೇರ್‌ಬಾಕ್ಸ್ ಕ್ಲಚ್ಚನ್ನು ಬಿಟ್ಟುಕೊಡುತ್ತದೆ, ಅರೆಮನಸ್ಸಿನಿಂದ ಮುಟ್ಟಿದರೆ ಉಜ್ಜುತ್ತಲೇ ಇರುತ್ತದೆ. ಏರಿನಲ್ಲಿ ಆಟೊ ಹೋಲ್ಡ್ ಹಾಕುತ್ತಾರೆ. ಹಿಲ್ ಅಸಿಸ್ಟ್ ಹಿಡಿಯುವುದು ಎರಡು ಮೂರು ಸೆಕೆಂಡ್ ಮಾತ್ರ, ಅದನ್ನು ನಂಬಿ ಕೂರುವಂತಿಲ್ಲ. ತೆವಳುವ ಟ್ರಾಫಿಕ್ಕಿನಲ್ಲಿ ಲಿವರನ್ನು ಮ್ಯಾನುಯಲ್‌ಗೆ ತಂದು ಒಂದನೇ ಗೇರಿನಲ್ಲೇ ಇಡುತ್ತಾರೆ, ಕಾರು ಅವಸರವಾಗಿ ಎರಡಕ್ಕೆ ಹಾರದಿರಲಿ ಎಂದು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಖಾಲಿ ಜಾಗ ಕಂಡ ಆಟೊಗಳು ನುಗ್ಗುತ್ತವೆ. ಆ ಜಾಗ ಮತ್ತೆ ಹುಟ್ಟುವವರೆಗೆ ಕಾಯುವುದು ಬೆಂಗಳೂರಿನಲ್ಲಿ ನಿಜಕ್ಕೂ ಕಷ್ಟದ ಕೆಲಸ.

ಇಷ್ಟೆಲ್ಲ ಮಾಡಿದರೂ ಒಮ್ಮೆ ಗಾಜುಗಟ್ಟಿದ ಲೈನಿಂಗ್ ಮೊದಲಿನಂತಾಗುವುದು ಅಪರೂಪ. ವರ್ಕ್‌ಶಾಪಿನಲ್ಲಿ ಮೊದಲು ಸ್ಕ್ಯಾನರ್ ಜೋಡಿಸಿ, ಕ್ಲಚ್ ಎಲ್ಲಿ ಹಿಡಿಯಲು ಶುರುಮಾಡುತ್ತದೆ ಎಂಬುದನ್ನು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹೊಸದಾಗಿ ಕಲಿಸಿದರು. ಪ್ಲೇಟ್ ಸವೆದಂತೆ ಆ ಬಿಂದು ಸರಿಯುತ್ತದೆ, ಹಳೆಯ ಲೆಕ್ಕದಲ್ಲೇ ಒತ್ತಿದರೂ ಅದುರು ಬರುತ್ತದೆ. ಹಾಗಾಗಿ ಪೆಟ್ಟಿಗೆ ಇಳಿಸುವ ಮುನ್ನ ಇದನ್ನು ಮಾಡಿ ನೋಡಿ ಎಂದು ಕೇಳುವುದು ಒಳ್ಳೆಯದು. ಹತ್ತು ದಿನ ಕಾರು ಚೆನ್ನಾಗಿತ್ತು. ಹನ್ನೊಂದನೆಯ ದಿನ ಬೇಸ್‌ಮೆಂಟಿನಿಂದ ಮೇಲೆ ಬರುವಾಗ ಮತ್ತೆ ನಡುಗಿತು. ಕೊನೆಗೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಿಸಬೇಕಾಯಿತು. ಬಿಚ್ಚಿದ ಹಳೆಯದನ್ನು ಮೆಕ್ಯಾನಿಕ್ ಬಟ್ಟೆಯಲ್ಲಿ ಒರೆಸಿ ಭಾವನ ಕೈಗೆ ಕೊಟ್ಟ. ಕಬ್ಬಿಣದ ತಟ್ಟೆಯ ಮೇಲೆ ಸುತ್ತಲೂ ನವಿಲಿನ ಕತ್ತಿನಂಥ ನೀಲಿ ಕಲೆಗಳಿದ್ದವು, ಒಂದೊಂದೂ ರೂಪಾಯಿ ನಾಣ್ಯದಷ್ಟು ಅಗಲ.