ಮನೆ ಮಾರಿದ ಲಾಭಕ್ಕೆ ಜುಲೈ 31ರ ಗಡುವು

ಮನೆ ಮಾರಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ಮಾತು: 'ಇನ್ನೊಂದು ಮನೆ ತಗೊಂಡರೆ ಟ್ಯಾಕ್ಸ್ ಇಲ್ಲ.' ಮಾತು ನಿಜವೇ. ಆದರೆ ಹಣ ಕೈಗೆ ಬಂದ ದಿನಕ್ಕೂ ಹೊಸ ಮನೆ ಸಿಗುವ ದಿನಕ್ಕೂ ನಡುವೆ ಒಂದೆರಡು ವರ್ಷ ಹೋಗುತ್ತದಲ್ಲ, ಅಷ್ಟು ದಿನ ಆ ಹಣ ಎಲ್ಲಿರಬೇಕು ಎಂಬುದನ್ನೂ ಕಾನೂನು ಹೇಳುತ್ತದೆ. ಜನ ಎಡವುವುದು ಅಲ್ಲೇ.

ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿ ಹಿಂದೆ 30 ಲಕ್ಷಕ್ಕೆ ಕೊಂಡಿದ್ದ ಮನೆಯನ್ನು 2025ರ ನವೆಂಬರ್ 10ರಂದು 1.2 ಕೋಟಿಗೆ ಮಾರಿದರು ಎಂದಿಟ್ಟುಕೊಳ್ಳಿ. ಲಾಭ 90 ಲಕ್ಷ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಮನೆಯಾದ್ದರಿಂದ ಇದು ದೀರ್ಘಾವಧಿ ಬಂಡವಾಳ ಲಾಭ. ಶೇ 12.5ರಂತೆ ತೆರಿಗೆಯೇ 11.25 ಲಕ್ಷ, ಸರ್‌ಚಾರ್ಜ್, ಸೆಸ್ ಬೇರೆ. (2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ ಹಣದುಬ್ಬರ ಕಳೆದು ಶೇ 20ರ ಹಳೆಯ ಲೆಕ್ಕದಲ್ಲೂ ನೋಡಬಹುದು, ಯಾವುದು ಕಡಿಮೆಯೋ ಅದು.)

ಈ ತೆರಿಗೆ ಉಳಿಸುವುದು ಆದಾಯ ತೆರಿಗೆ ಕಾಯ್ದೆಯ 54ನೇ ಸೆಕ್ಷನ್. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದೆ, ವ್ಯವಸ್ಥೆ ಅದೇ. ಪೂರ್ತಿ 1.2 ಕೋಟಿಯನ್ನೂ ಹೊಸ ಮನೆಗೆ ಹಾಕಬೇಕಿಲ್ಲ, ಲಾಭದ 90 ಲಕ್ಷ ಹಾಕಿದರೆ ಸಾಕು. ಉಳಿದ 30 ಲಕ್ಷ ಅವರ ಇಷ್ಟ. (ಖಾಲಿ ಸೈಟು ಮಾರಿದವರಿಗೆ ಈ ರಿಯಾಯಿತಿ ಇಲ್ಲ, ಅವರಿಗೆ ಬೇರೆ ಸೆಕ್ಷನ್, ಅಲ್ಲಿ ಮಾರಿ ಬಂದ ಹಣವನ್ನೆಲ್ಲ ಹೂಡಬೇಕು.) ಮನೆ ಕೊಳ್ಳುವುದಾದರೆ ಮಾರಿದ ದಿನದಿಂದ ಎರಡು ವರ್ಷದೊಳಗೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಮುಗಿಯಬೇಕು. ಮಾರುವ ಮೊದಲಿನ ಒಂದು ವರ್ಷದಲ್ಲಿ ಕೊಂಡಿದ್ದರೂ ನಡೆಯುತ್ತದೆ. ಹೊಸ ಮನೆ ಭಾರತದಲ್ಲೇ ಇರಬೇಕು.

ಶಿಕ್ಷಕಿ ಕಟ್ಟಿಸಲು ಹೊರಟರು. 2026ರ ಮಾರ್ಚ್‌ನಲ್ಲಿ 40 ಲಕ್ಷ ಕೊಟ್ಟು ಸೈಟು ಕೊಂಡರು. ಅದರ ಮೇಲೆ ಗಡುವಿನೊಳಗೆ ಮನೆ ಎದ್ದರೆ ಸೈಟಿನ ಬೆಲೆಯೂ ಮನೆಯ ವೆಚ್ಚಕ್ಕೆ ಸೇರುತ್ತದೆ. ಉಳಿದದ್ದು 50 ಲಕ್ಷ. ಮನೆ ಮುಗಿಸಲು 2028ರ ನವೆಂಬರ್‌ವರೆಗೆ ಸಮಯವಿದೆ, ನಿಜ. ಆದರೆ ಆ ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನವಾದ 2026ರ ಜುಲೈ 31ರೊಳಗೆ ಖರ್ಚಾಗದೆ ಉಳಿದ ಹಣ ಬ್ಯಾಂಕಿನ 'ಕ್ಯಾಪಿಟಲ್ ಗೇನ್ಸ್ ಖಾತೆ'ಯಲ್ಲಿ ಇರಬೇಕು. 1988ರಿಂದ ಇರುವ ಯೋಜನೆ ಇದು. ಮಾಮೂಲಿ ಎಫ್‌ಡಿಯಲ್ಲಿಟ್ಟು 'ಬ್ಯಾಂಕಲ್ಲೇ ಇದೆಯಲ್ಲ' ಎಂದರೆ ಅಧಿಕಾರಿ ಒಪ್ಪುವುದಿಲ್ಲ. ಖಾತೆಗೆ ಹಾಕದಿದ್ದರೂ ಗಡುವಿನೊಳಗೆ ಹಣವನ್ನು ಮನೆ ಕಟ್ಟಲು ಬಳಸಿದವರ ಪರವಾಗಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟದ್ದುಂಟು. ಆದರೆ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತುವುದು ಜಾಣತನವಲ್ಲ.

ಖಾತೆ ತೆರೆಯಲು ಫಾರ್ಮ್ ಎ. 'ಎ' ಬಗೆಯ ಖಾತೆ ಉಳಿತಾಯ ಖಾತೆಯಂತೆ, 'ಬಿ' ಬಗೆಯದು ಅವಧಿ ಠೇವಣಿ. ಮನೆ ಕಟ್ಟಿಸುವವರು ಸಮೀಪದ ಖರ್ಚಿಗೆ ಬೇಕಾದಷ್ಟನ್ನು 'ಎ'ಯಲ್ಲಿ, ಉಳಿದದ್ದನ್ನು 'ಬಿ'ಯಲ್ಲಿ ಇಡುವುದು ಒಳ್ಳೆಯದು. ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ಇಲ್ಲ. ಇದನ್ನು ಅಡವಿಟ್ಟು ಸಾಲ ಪಡೆಯುವಂತಿಲ್ಲ. ಬಡ್ಡಿಗೆ ತೆರಿಗೆ ಇದ್ದೇ ಇದೆ.

ಹಣ ತೆಗೆಯುವಾಗ ಶಿಸ್ತು ಬೇಕು. ಮೊದಲ ಸಲ ಫಾರ್ಮ್ ಸಿ ಕೊಟ್ಟು ತೆಗೆಯಬಹುದು. ಎರಡನೆಯ ಸಲದಿಂದ, ಹಿಂದೆ ತೆಗೆದದ್ದು ಯಾವುದಕ್ಕೆ ಹೋಯಿತು ಎಂದು ಫಾರ್ಮ್ ಡಿಯಲ್ಲಿ ಬರೆದುಕೊಡಬೇಕು. ತೆಗೆದ ಹಣ 60 ದಿನದೊಳಗೆ ಮನೆಗೇ ಖರ್ಚಾಗಬೇಕು, ಮಿಕ್ಕದ್ದನ್ನು ತಿರುಗಿ ಖಾತೆಗೆ ಕಟ್ಟಬೇಕು. ಮಗಳ ಮದುವೆಗೆಂದು ಎರಡು ತಿಂಗಳ ಮಟ್ಟಿಗೆ ಕೈಗಡ ತೆಗೆದುಕೊಳ್ಳುವ ಜಾಗ ಇದಲ್ಲ. ಸಿಮೆಂಟು, ಕಬ್ಬಿಣ, ಗಾರೆ ಮೇಸ್ತ್ರಿಯ ಕೂಲಿ, ಎಲ್ಲದರ ರಸೀದಿಯೂ ಒಂದು ಫೈಲಿನಲ್ಲಿರಲಿ.

ಮನೆ 42 ಲಕ್ಷದಲ್ಲಿ ಮುಗಿದು 8 ಲಕ್ಷ ಖಾತೆಯಲ್ಲೇ ಉಳಿಯಿತು ಎನ್ನೋಣ. ಮೂರು ವರ್ಷ ತುಂಬುವ 2028–29ರ ಸಾಲಿನಲ್ಲಿ ಆ 8 ಲಕ್ಷಕ್ಕೆ ದೀರ್ಘಾವಧಿ ಲಾಭದ ತೆರಿಗೆ ಬೀಳುತ್ತದೆ, ಅದಕ್ಕೂ ಹಿಂದಿನ ಸಾಲಿಗೆ ಅಲ್ಲ. ಆಮೇಲೆ ಖಾತೆ ಮುಚ್ಚಲು ಫಾರ್ಮ್ ಜಿ ಬೇಕು, ಅದಕ್ಕೆ ತೆರಿಗೆ ಅಧಿಕಾರಿಯ ಒಪ್ಪಿಗೆಯೂ ಬೇಕು. ಹಣ ನಿಮ್ಮದೇ ಆದರೂ ಆ ಕಾಗದ ಬರುವವರೆಗೆ ಬ್ಯಾಂಕು ಕೊಡುವುದಿಲ್ಲ.

ಹೊಸ ಮನೆಯನ್ನು ಮೂರು ವರ್ಷ ಮಾರಬೇಡಿ. ಮಾರಿದರೆ, ವಿನಾಯಿತಿ ಪಡೆದ ಮೊತ್ತವನ್ನು ಅದರ ವೆಚ್ಚದಿಂದ ಕಳೆಯುತ್ತಾರೆ. ಶಿಕ್ಷಕಿಯ 82 ಲಕ್ಷದ ಮನೆಯ ವೆಚ್ಚ ಸೊನ್ನೆಯಾಗಿ, ಒಂದು ಕೋಟಿಗೆ ಮಾರಿದರೆ ಇಡೀ ಕೋಟಿಯೇ ಲಾಭವೆಂದು ತೆರಿಗೆಗೆ ಬರುತ್ತದೆ.

ಮನೆ ಮಾರುವ ಯೋಚನೆಯಿದ್ದರೆ, ನಿಮ್ಮ ಊರಿನ ಯಾವ ಶಾಖೆ ಈ ಖಾತೆ ತೆರೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಜುಲೈ ಕೊನೆಯ ವಾರದಲ್ಲಿ ಹುಡುಕಲು ಹೊರಡಬೇಡಿ.