ಇಪ್ಪತ್ತರ ಪಟ್ಟಿಯಲ್ಲಿ ಪುಸ್ತಕ ಉಳಿದದ್ದು ಹೇಗೆ?

1994ರಲ್ಲಿ ನ್ಯೂಯಾರ್ಕಿನ ಹೂಡಿಕೆ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಜೆಫ್ ಬೆಜೋಸ್, ಇಂಟರ್ನೆಟ್ಟಿನಲ್ಲಿ ಏನೇನು ಮಾರಬಹುದೆಂದು ಇಪ್ಪತ್ತು ವಸ್ತುಗಳ ಪಟ್ಟಿ ಮಾಡಿದರು. ಸೋಸುತ್ತಾ ಹೋದಂತೆ ಐದು ಉಳಿದವು: ಸಂಗೀತದ ಸಿ.ಡಿ., ಕಂಪ್ಯೂಟರ್, ಸಾಫ್ಟ್‌ವೇರ್, ವಿಡಿಯೊ, ಪುಸ್ತಕ. ಗೆದ್ದದ್ದು ಪುಸ್ತಕ. ಅಮೆಜಾನ್ ಶುರುವಾದದ್ದು ಹೀಗೆ.

ಬೇಡಿಕೆಯ ಪ್ರಶ್ನೆಯನ್ನು ಅವರು ಕೇಳಿಕೊಂಡ ಬಗೆ ಗಮನಿಸಬೇಕು. ಜನ ಪುಸ್ತಕ ಕೊಳ್ಳುತ್ತಾರೆ ಎಂಬುದು ಯಾರಿಗೂ ಗೊತ್ತು. ಆದರೆ ಆಗ ಮಾರಾಟದಲ್ಲಿದ್ದ ಪುಸ್ತಕಗಳು 30 ಲಕ್ಷಕ್ಕೂ ಹೆಚ್ಚು. ಎಷ್ಟೇ ದೊಡ್ಡ ಅಂಗಡಿಯಲ್ಲೂ ಅದರ ಒಂದು ಚೂರು ಮಾತ್ರ ಹಿಡಿಯುತ್ತಿತ್ತು. ಬೇಕಾದ್ದು ಸಿಗದೆ ಬರಿಗೈಲಿ ಮರಳುವ ಓದುಗನೇ ನಿಜವಾದ ಗಿರಾಕಿ. ಸಂಗೀತದಲ್ಲೂ ವೈವಿಧ್ಯವಿತ್ತು, ಆದರೆ ಸರಕೆಲ್ಲ ಆರು ದೊಡ್ಡ ಕಂಪನಿಗಳ ಮುಷ್ಟಿಯಲ್ಲಿತ್ತು. ಅವು ಕೊಡೆವೆಂದರೆ ಅಂಗಡಿಗೆ ಬೀಗ.

ಖರ್ಚಿನ ಲೆಕ್ಕದಲ್ಲೂ ಪುಸ್ತಕವೇ ಹಗುರ. ದಾಸ್ತಾನನ್ನು ಇಂಗ್ರಾಮ್‌ನಂಥ ಸಗಟು ವ್ಯಾಪಾರಿಗಳು ಇಟ್ಟುಕೊಂಡಿದ್ದರು. ಆರ್ಡರ್ ಬಂದ ಮೇಲೆ ತರಿಸಿಕೊಂಡರೆ ಸಾಕು. ಒಂದು ತೊಡಕಿತ್ತು: ಒಮ್ಮೆಗೆ ಕನಿಷ್ಠ ಹತ್ತು ಪುಸ್ತಕ ತರಿಸಬೇಕು. ಬೇಕಾಗಿದ್ದ ಒಂದರ ಜೊತೆ, ದಾಸ್ತಾನಿನಲ್ಲಿಲ್ಲದ ಕಲ್ಲುಹೂವಿನ ಪುಸ್ತಕವೊಂದರ ಒಂಬತ್ತು ಪ್ರತಿ ಕೇಳಿದರು. ಒಂದು ಮಾತ್ರ ಬಂತು. ಹತ್ತರ ಷರತ್ತೂ ಪೂರೈಸಿತು, ದುಡ್ಡೂ ಉಳಿಯಿತು.

ಇನ್ನು ಮಾಡುವವನಿಗೂ ಕೆಲಸಕ್ಕೂ ಹೊಂದಿಕೆ. ಬೆಜೋಸ್ ಪುಸ್ತಕ ವ್ಯಾಪಾರಿಯಲ್ಲ, ಕಂಪ್ಯೂಟರ್ ಓದಿದವರು. ಈ ಉದ್ಯಮದಲ್ಲಿ ಕಷ್ಟದ ಭಾಗವೂ ಅದೇ: ಲಕ್ಷಾಂತರ ಹೆಸರುಗಳಲ್ಲಿ ಒಂದನ್ನು ಹುಡುಕಿಕೊಡುವುದು. ಪುಸ್ತಕ ಮಾರುವ ಪಾಠವನ್ನು ತರಬೇತಿ ಶಿಬಿರದಲ್ಲಿ ಕಲಿತರು. ನಿಮಗೆ ಆ ವಸ್ತುವಿನ ಮೇಲೆ ಪ್ರೀತಿಯಿದೆಯೇ ಎನ್ನುವುದಕ್ಕಿಂತ, ಕಷ್ಟದ ಭಾಗ ನಿಮ್ಮ ಕೈಗೆ ಹತ್ತುತ್ತದೆಯೇ ಎಂಬುದೇ ಮುಖ್ಯ.

ಮನೆಯಲ್ಲಿ ಪಟ್ಟಿ ಸೋಸುವಾಗ ಹೆಚ್ಚಿನವರು ಎಡವುವುದು ಅಂಕ ಕೂಡಿಸಿ. ಐದಕ್ಕೆ ಇಷ್ಟೆಂದು ಕೊಡುತ್ತಾ ಬನ್ನಿ. ಖರ್ಚು ಕಡಿಮೆಯಾದಷ್ಟೂ ಅಂಕ ಹೆಚ್ಚು. ಅಡಿಕೆ ತೋಟಕ್ಕೆ ಡ್ರೋನ್ ಸಿಂಪಡಣೆಗೆ ಬೇಡಿಕೆ 5, ಖರ್ಚು 1, ಹೊಂದಿಕೆ 5 ಎನ್ನೋಣ. ಸಿರಿಧಾನ್ಯದ ದೋಸೆ ಹಿಟ್ಟಿಗೆ 4, 4, 3. ಕೂಡಿದರೆ ಎರಡೂ 11. ಗುಣಿಸಿದರೆ ಡ್ರೋನಿಗೆ 25, ಹಿಟ್ಟಿಗೆ 48. ಕೈಲಿ ಬಂಡವಾಳವಿಲ್ಲದವನನ್ನು ಆ ಒಂದಂಕವೇ ಮುಳುಗಿಸುತ್ತದೆ. ಕೂಡಿಕೆ ಅದನ್ನು ಮುಚ್ಚಿಡುತ್ತದೆ, ಗುಣಾಕಾರ ಎತ್ತಿ ತೋರಿಸುತ್ತದೆ.

ಅಂಕಗಳು ನಿಮ್ಮ ಊಹೆಯೇ, ಅದರಲ್ಲೂ ಬೇಡಿಕೆಯದು. ಮೇಲೆ ಬಂದ ಎರಡು ಮೂರನ್ನು ಹಿಡಿದು ಹತ್ತು ಅಪರಿಚಿತರ ಬಳಿ ಮುಂಗಡ ಕೇಳಿ ನೋಡಿ. ಹೊಗಳಿ ದುಡ್ಡು ಕೊಡದವರನ್ನು ಲೆಕ್ಕಕ್ಕೆ ಹಿಡಿಯಬೇಡಿ.