ಅಂಗಡಿಯ ಮುಂದೆ ಅರ್ಧ ನಿಮಿಷ

ಮಾಲೂರಿನಲ್ಲಿ ಹನಿ ನೀರಾವರಿಯ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಯೊಬ್ಬರು ಕೋಲಾರ ತಾಲ್ಲೂಕಿನ ಹೋಳೂರಿನ ಅಂಗಡಿಯೊಂದಕ್ಕೆ ಬಾಕಿ ವಸೂಲಿಗೆಂದು ಬರುವ ಸನ್ನಿವೇಶವನ್ನು ಪರಿಗಣಿಸಬಹುದು. 30 ದಿನಗಳ ವಾಯಿದೆಯ ಸಾಲ 60 ದಿನ ದಾಟಿದೆ. ಬಾಕಿಯ ವಿಷಯದಿಂದಲೇ ಮಾತು ಆರಂಭವಾದರೆ "ಮುಂದಿನ ವಾರ ನೋಡೋಣ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಳೆ, ರಾಜಕೀಯದ ಮಾತು ಎರಡು ವಾಕ್ಯಗಳಲ್ಲಿ ಮುಗಿಯುತ್ತದೆ.

ಅನುಭವಸ್ಥರು ಹೊಸ್ತಿಲಲ್ಲಿ ಅರ್ಧ ನಿಮಿಷ ನಿಂತು ಸುತ್ತಲೂ ನೋಡುತ್ತಾರೆ. ಮಾಲೀಕರು ತಾವೇ ಆರಿಸಿ ಮುಂದಕ್ಕೆ ಇಟ್ಟ ವಸ್ತು ಯಾವುದೆಂದು ಗುರುತಿಸುತ್ತಾರೆ. ಕಂಡದ್ದನ್ನು ಮೊದಲು ಹೇಳಿ, ಅನಂತರ ಪ್ರಶ್ನೆ ಕೇಳುತ್ತಾರೆ.

"ಯಜಮಾನ್ರೇ, ಹೋದ ಸಲ ಮುಂದೆ ಮಲ್ಚಿಂಗ್ ಶೀಟ್ ಇತ್ತು. ಈಗ ಕಡ್ಡಿ, ದಾರ ಬಂದಿದೆ. ಟೊಮೆಟೊ ನಾಟಿ ಎಲ್ಲಿಗೆ ಬಂತು?"

"ನಾಟಿ ಆಗಿ ಒಂದು ತಿಂಗಳಾಯ್ತು ಸ್ವಾಮಿ. ಬೋರಲ್ಲಿ ನೀರು ಕಮ್ಮಿ, ಈ ಸಲ ಲೇಟು. ಕಾಯಿ ಮಾರ್ಕೆಟ್ಟಿಗೆ ಹೋಗೋವರೆಗೂ ರೈತರು ದುಡ್ಡು ಕೊಡಲ್ಲ."

ಈ ಒಂದು ಉತ್ತರದಲ್ಲಿ ಬಾಕಿಯ ಕಾರಣ ಅಡಗಿದೆ. ನಾಟಿಯಾದ ಸುಮಾರು 60ರಿಂದ 70 ದಿನಗಳಿಗೆ ಮೊದಲ ಕೊಯ್ಲು ಬರುತ್ತದೆ. ಅಂದರೆ ಹಣ ಬರಲು ಇನ್ನೂ 30ರಿಂದ 40 ದಿನ ಬೇಕು. ಸರಕು ಕೊಟ್ಟ ದಿನದಿಂದ ಎಣಿಸಿದರೆ ಅದು 90ರಿಂದ 100 ದಿನ. ವಾಯಿದೆಯೇ ಬೆಳೆಗೆ ಹೊಂದುವಂತಿರಲಿಲ್ಲ. ಮುಂದಿನ ಸರಕಿಗೆ ಅರ್ಧ ಹಣ 30 ದಿನಕ್ಕೆ, ಉಳಿದದ್ದು 100 ದಿನಕ್ಕೆ ಎಂದು ಬರೆದುಕೊಂಡರೆ ಇಬ್ಬರಿಗೂ ಲೆಕ್ಕ ಸಿಗುತ್ತದೆ. ಮಾತಿನ ಸತ್ಯವನ್ನೂ ಅಲ್ಲೇ ಪರೀಕ್ಷಿಸಬಹುದು: ಗಿಡಕ್ಕೆ ಕಡ್ಡಿ ಕಟ್ಟುವುದು ನಾಟಿಯಾದ ಕೆಲವು ವಾರಗಳಲ್ಲಿ. ಕೊಯ್ಲಿನ ಕ್ರೇಟುಗಳು ಓಡಾಡುತ್ತಿರುವಾಗಲೂ ಅದೇ ಕಾರಣ ಹೇಳಿದರೆ ಸಂಶಯಕ್ಕೆ ಎಡೆಯುಂಟು.

ಗಲ್ಲಾದ ಮೇಲೆ ಮಾಸ್ತಿಯವರ ಕಥಾಸಂಕಲನವೊಂದು ತೆರೆದಿದ್ದರೆ "ಓದುತ್ತೀರಾ?" ಎಂದು ಕೇಳಿದರೆ "ಹೂಂ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. "ಯಾವ ಕಥೆಯವರೆಗೆ ಬಂದಿರಿ?" ಎಂದರೆ ಮುಂದುವರಿಯುತ್ತದೆ. ಪುಸ್ತಕವನ್ನು ಕೇಳದೆ ಕೈಗೆತ್ತಿಕೊಳ್ಳಬಾರದು. ಮೆಟ್ಟಿಲ ಬಳಿ ಮಲಗಿದ ನಾಯಿಯ ಹೆಸರು ಕೇಳಬಹುದು, ಮುಟ್ಟುವುದು ಬೇಡ. ಉದ್ದರಿ ಪುಸ್ತಕ, ಔಷಧಿಯ ಚೀಟಿ, ಧೂಳು ಹಿಡಿದ ಹಳೆಯ ಸರಕು ಕಣ್ಣಿಗೆ ಬಿದ್ದರೂ ಮಾತಿಗೆ ತರತಕ್ಕವಲ್ಲ; ಅವು ಮಾಲೀಕರು ತೋರಿಸಲು ಇಟ್ಟವಲ್ಲ.

ಒಂದರ ಹಿಂದೊಂದು ಪ್ರಶ್ನೆ ಹಾಕಿದರೆ ಅದು ವಿಚಾರಣೆಯಾಗುತ್ತದೆ. ಉತ್ತರಗಳು ಗಿಡ್ಡವಾಗುವುದು, ಮಾಲೀಕರ ದೃಷ್ಟಿ ತಕ್ಕಡಿಯ ಕಡೆಗೆ ಹೊರಳುವುದು ಅದರ ಗುರುತು. ಗಿರಾಕಿ ಬಂದೊಡನೆ ಪಕ್ಕಕ್ಕೆ ಸರಿಯಬೇಕು. ಗಿರಾಕಿ ಹೋದ ಮೇಲೆ ಮಾಲೀಕರೇ ಮಾತನ್ನು ಮುಂದುವರಿಸಿದರೆ, ಆಗ ಬಾಕಿಯ ಚೀಟಿಯನ್ನು ಜೇಬಿನಿಂದ ತೆಗೆಯಬಹುದು.